ಆಡಿಟರು ನಿವೃತ್ತರಾಗುತ್ತಿದ್ದಾರೆಯೇ? ಫೈಲು ವರ್ಗಾವಣೆಯ ಪತ್ರಕ್ಕೆ ಸಹಿ ಹಾಕುವ ಮುನ್ನ ಇದನ್ನು ಓದಿ

ಬಹುಕಾಲ ನಮ್ಮ ಮುದ್ರಣ ಘಟಕದ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಲೆಕ್ಕಪರಿಶೋಧಕರು ವಯಸ್ಸಿನ ಕಾರಣದಿಂದ ಕಚೇರಿ ಮುಚ್ಚುವುದಾಗಿ ಎಲ್ಲ ಗ್ರಾಹಕರಿಗೂ ಪತ್ರ ಬರೆದರು. ಪತ್ರ ಸೌಜನ್ಯದಿಂದಲೇ ಕೂಡಿತ್ತು. ಇಷ್ಟು ವರ್ಷದ ವಿಶ್ವಾಸಕ್ಕೆ ಕೃತಜ್ಞತೆ, ಮುಂದಿನ ಕೆಲಸ ವಹಿಸಿಕೊಳ್ಳುವ ಸಂಸ್ಥೆಯ ಪರಿಚಯ, ಕೊನೆಯಲ್ಲಿ ‘ತಮಗೆ ಸಂಬಂಧಿಸಿದ ಚಾಲ್ತಿ ದಾಖಲೆಗಳನ್ನು ಆ ಸಂಸ್ಥೆಗೆ ಹಸ್ತಾಂತರಿಸಲಾಗುವುದು, ಒಪ್ಪಿಗೆಗಾಗಿ ಕೆಳಗೆ ಸಹಿ ಮಾಡಿ ಕಳುಹಿಸಿ’ ಎಂಬ ಒಂದು ಸಾಲು. ನಮಗೆ ತೊಂದರೆ ತಂದದ್ದು ಆ ಸಾಲಿನ ‘ಚಾಲ್ತಿ’ ಎಂಬ ಪದ. ಅದರೊಳಗೆ ಯಾವ ಕಡತಗಳು ಬರುತ್ತವೆ, ಯಾವುವು ಬರುವುದಿಲ್ಲ, ಬಾರದವುಗಳ ಗತಿ ಏನು ಎಂಬುದನ್ನು ಪತ್ರ ಎಲ್ಲಿಯೂ ಹೇಳಿರಲಿಲ್ಲ.

ಲೆಕ್ಕಪರಿಶೋಧಕರ ಕಚೇರಿಯಲ್ಲಿ ಒಬ್ಬ ಗ್ರಾಹಕರ ಹೆಸರಿನಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಕಡತಗಳಿರುತ್ತವೆ. ಒಂದು, ಆಯಾ ವರ್ಷದ ಲೆಕ್ಕಕ್ಕೆ ಸಂಬಂಧಿಸಿದ ವಾರ್ಷಿಕ ಕಡತ. ಇನ್ನೊಂದು, ವರ್ಷದಿಂದ ವರ್ಷಕ್ಕೆ ಮುಂದುವರಿಯುವ ಮಾಹಿತಿಯನ್ನು ಇಟ್ಟಿರುವ ಪರ್ಮನೆಂಟ್ ಫೈಲ್. ಪಾಲುದಾರಿಕೆ ಪತ್ರ, ಸಾಲದ ಒಪ್ಪಂದ, ಗುತ್ತಿಗೆ ಕರಾರುಗಳ ಜೊತೆಗೆ, ನಮ್ಮ ಕಚೇರಿಯವರು ಸ್ಥಿರಾಸ್ತಿಗಳ ಸವಕಳಿ ಪಟ್ಟಿಯನ್ನೂ ಅದರಲ್ಲೇ ಇಡುತ್ತಿದ್ದರು. ವಾರ್ಷಿಕ ಕಡತಗಳನ್ನು ಇಂತಿಷ್ಟು ವರ್ಷ ಇಟ್ಟು ನಂತರ ನಾಶ ಮಾಡುವ ನಿಯಮ ಹೆಚ್ಚಿನ ಕಚೇರಿಗಳಲ್ಲಿ ಇರುತ್ತದೆ. ಪರಿಶೋಧನೆಯ ಕಡತಗಳಿಗೆ ಅಂತರರಾಷ್ಟ್ರೀಯ ಮಾನದಂಡ ಸೂಚಿಸುವ ಸಾಮಾನ್ಯ ಕನಿಷ್ಠ ಅವಧಿ 5 ವರ್ಷ. ಪರ್ಮನೆಂಟ್ ಫೈಲಿಗೆ ಈ ಲೆಕ್ಕ ಹೊಂದುವುದಿಲ್ಲ, ಏಕೆಂದರೆ ಅದರಲ್ಲಿನ ಹಳೆಯ ಹಾಳೆಯೂ ಇಂದಿನ ಲೆಕ್ಕಕ್ಕೆ ಆಧಾರವಾಗಿರುತ್ತದೆ. ಆದರೆ ನಮ್ಮ ಪರ್ಮನೆಂಟ್ ಫೈಲಿನ ಬೆನ್ನಿನ ಮೇಲೆ ಅದನ್ನು ತೆರೆದ ವರ್ಷ ಬರೆದಿತ್ತು. ಕಚೇರಿ ಖಾಲಿ ಮಾಡುವಾಗ ಸಹಾಯಕರು ಬೆನ್ನಿನ ಮೇಲಿನ ವರ್ಷ ನೋಡಿ ವಿಂಗಡಿಸಿದರು. ಹೊಸದೆಂದು ಕಂಡ 5 ವರ್ಷದ ಕಡತಗಳು ಹೊಸ ಸಂಸ್ಥೆಗೆ ಹೋದವು, ಉಳಿದದ್ದೆಲ್ಲ ಚೂರು ಮಾಡುವ ಯಂತ್ರಕ್ಕೆ ಹೋಯಿತು.

ಇದು ಕೂಡಲೇ ತಿಳಿಯಲಿಲ್ಲ. ಹೊಸ ಸಂಸ್ಥೆಯವರು ಹಿಂದಿನ ವರ್ಷದ ಅಖೈರು ಶಿಲ್ಕುಗಳನ್ನು ಆರಂಭಿಕ ಶಿಲ್ಕುಗಳಾಗಿ ತಂದುಕೊಂಡರು, ಎಲ್ಲವೂ ತಾಳೆಯಾಯಿತು. ಯಂತ್ರೋಪಕರಣ ಎಂಬ ಒಂದೇ ಸಾಲಿನಲ್ಲಿ ಒಟ್ಟು ಮೊತ್ತ ಸರಿಯಾಗಿ ಕೂತಿದ್ದರಿಂದ ಯಾರೂ ಒಳಗೆ ಇಣುಕಲಿಲ್ಲ. ಕೊರತೆ ಹೊರಬಿದ್ದದ್ದು ಹಳೆಯ ಮುದ್ರಣ ಯಂತ್ರವೊಂದನ್ನು ಮಾರಿದಾಗ.

ಆ ಯಂತ್ರದ ಖರೀದಿ ಬೆಲೆ 12,00,000. ಆಯುಷ್ಯ 12 ವರ್ಷವೆಂದು ಎಣಿಸಿ ವರ್ಷಕ್ಕೆ 1,00,000ದಂತೆ ಸಮಾನ ಕಂತಿನಲ್ಲಿ ಸವಕಳಿ ಕಳೆಯಲಾಗುತ್ತಿತ್ತು. 9 ವರ್ಷ ತುಂಬಿದಾಗ 3,40,000ಕ್ಕೆ ಮಾರಿದೆವು. ನಮ್ಮಲ್ಲಿದ್ದ ಖರೀದಿ ರಶೀದಿಯ ಆಧಾರದಲ್ಲಿ ಹೊಸ ಸಂಸ್ಥೆಯವರು ಲೆಕ್ಕದ ಪುಸ್ತಕದಲ್ಲಿ ಯಂತ್ರದ ಬೆಲೆ 3,00,000 ಉಳಿದಿದೆಯೆಂದು ಲೆಕ್ಕ ಹಾಕಿ, 40,000 ಲಾಭ ತೋರಿಸಿದರು. ಅನಂತರ ಉಳಿದ ಯಂತ್ರಗಳ ಬೆಲೆಯನ್ನು ಒಂದೊಂದಾಗಿ ಕೂಡಿಸಿ ನೋಡಿದರೆ, ಪುಸ್ತಕದ ಒಟ್ಟು ಮೊತ್ತದಲ್ಲಿ 60,000 ಹೆಚ್ಚು ನಿಂತಿತ್ತು. ಅದು ಯಾವ ಯಂತ್ರದ್ದು ಎಂದು ಹೇಳುವ ಹಾಳೆ ಯಾರ ಬಳಿಯೂ ಇರಲಿಲ್ಲ.

ನಡೆದದ್ದು ಇದು: ಮೂರನೆಯ ವರ್ಷದ ಆರಂಭದಲ್ಲಿ, ಈಗ ಮಾರಿದ ಆ ಯಂತ್ರದ ನಿಯಂತ್ರಣ ಫಲಕವನ್ನು ಪೂರ್ತಿ ಬದಲಿಸಿ 2,00,000 ವ್ಯಯಿಸಿದ್ದೆವು. ಹಳೆಯ ಆಡಿಟರು ಅದನ್ನು ದುರಸ್ತಿಯ ಖರ್ಚೆಂದು ಬರೆಯದೆ ಯಂತ್ರದ ಬೆಲೆಗೆ ಸೇರಿಸಿ, ಉಳಿದ 10 ವರ್ಷಕ್ಕೆ ವರ್ಷಕ್ಕೆ 20,000ದಂತೆ ಹಂಚಿದ್ದರು. 7 ವರ್ಷದಲ್ಲಿ 1,40,000 ಸವಕಳಿಯಾಗಿ 60,000 ಉಳಿದಿತ್ತು. ಅಂದರೆ ಯಂತ್ರದ ನಿಜವಾದ ಪುಸ್ತಕದ ಬೆಲೆ 3,60,000. ಮಾರಾಟದಲ್ಲಿ ಆದದ್ದು ಲಾಭವಲ್ಲ, 20,000 ನಷ್ಟ. ಸರಿಪಡಿಸದೆ ಬಿಟ್ಟಿದ್ದರೆ ಇಲ್ಲದ ಲಾಭವೊಂದು ಪುಸ್ತಕದಲ್ಲಿ ನಿಲ್ಲುತ್ತಿತ್ತು. ಮಾರಿಹೋದ ಯಂತ್ರದ ಫಲಕಕ್ಕೆ ಇನ್ನೂ ಮೂರು ವರ್ಷ ಸವಕಳಿಯೂ ನಡೆಯುತ್ತಿತ್ತು. (ತೆರಿಗೆಗಾಗಿ ಸವಕಳಿಯನ್ನು ಬೇರೆ ದರದಲ್ಲಿ ಹಾಕುವ ಕಡೆ ಅಂಕಿಗಳು ಬೇರೆಯಾಗುತ್ತವೆ, ಆದರೆ ಆ ಲೆಕ್ಕಕ್ಕೂ ಇಂಥದೇ ಪಟ್ಟಿ ಬೇಕು.)

ಫಲಕದ ಮಾರಾಟಗಾರರಿಂದ ರಶೀದಿಯ ನಕಲು ಸಿಕ್ಕಿತಾದರೂ ಅದು ಸಾಲಲಿಲ್ಲ. ಹಣ ಕೊಟ್ಟದ್ದಕ್ಕೆ ರಶೀದಿ ಸಾಕ್ಷಿ, ಆ ಹಣವನ್ನು ಬೆಲೆಗೆ ಸೇರಿಸಿದ್ದಕ್ಕೆ ಅಲ್ಲ. ಅದೇ ವರ್ಷ ಅದನ್ನು ದುರಸ್ತಿ ಖರ್ಚಾಗಿ ಕಳೆದಿದ್ದರೆ, ಈಗ ಮತ್ತೆ ಕಳೆಯುವುದು ಒಂದೇ ವೆಚ್ಚವನ್ನು ಎರಡು ಸಲ ತೋರಿಸಿದಂತಾಗುತ್ತದೆ ಎಂದು ಹೊಸ ಸಂಸ್ಥೆಯವರು ತಡೆದದ್ದು ನ್ಯಾಯವೇ. ಕೊನೆಗೆ ನೆರವಾದದ್ದು ಸಾಲ ಕೊಟ್ಟ ಬ್ಯಾಂಕಿನ ಕಡತ. ಪ್ರತಿವರ್ಷ ನಮಗೆ ಮೇಲಿನ ಹಾಳೆಗಳನ್ನಷ್ಟೇ ಕೊಡುತ್ತಿದ್ದ ಹಳೆಯ ಕಚೇರಿ, ಬ್ಯಾಂಕಿಗೆ ಅನುಬಂಧಗಳ ಸಮೇತ ಪೂರ್ಣ ಪ್ರತಿ ಕೊಟ್ಟಿತ್ತು. ಆ ವರ್ಷದ ಸ್ಥಿರಾಸ್ತಿ ಅನುಬಂಧದಲ್ಲಿ ‘ವರ್ಷದಲ್ಲಿ ಸೇರ್ಪಡೆ’ ಎಂಬ ಅಂಕಣದ ಕೆಳಗೆ 2,00,000 ಎಂದಿತ್ತು. ರಶೀದಿಯ ಮೊತ್ತಕ್ಕೂ ದಿನಾಂಕಕ್ಕೂ ಹೊಂದಿತು. ಈ ಹುಡುಕಾಟಕ್ಕೆ ತಗುಲಿದ ಹೆಚ್ಚುವರಿ ಶುಲ್ಕವನ್ನು ನಾವೇ ತೆರಬೇಕಾಯಿತು, ಏಕೆಂದರೆ ಕೇಳಲು ಹಳೆಯ ಕಚೇರಿಯೇ ಉಳಿದಿರಲಿಲ್ಲ.

ಆದ್ದರಿಂದ ಇಂಥ ಪತ್ರ ಬಂದರೆ ಬರಿದೇ ಸಹಿ ಹಾಕಿ ಕಳುಹಿಸಬೇಡಿ. ನಿಮ್ಮ ಒಪ್ಪಿಗೆ ಕೇಳುವುದು ಬರಿಯ ಶಿಷ್ಟಾಚಾರವಲ್ಲ. ಗ್ರಾಹಕರ ಗೌಪ್ಯ ಮಾಹಿತಿಯನ್ನು ಅನುಮತಿಯಿಲ್ಲದೆ ಇನ್ನೊಬ್ಬರಿಗೆ ಕೊಡಬಾರದೆಂಬುದು ಈ ವೃತ್ತಿಯ ನೀತಿಸಂಹಿತೆಯ ಮೂಲ ನಿಯಮಗಳಲ್ಲೊಂದು. ಹೀಗಾಗಿ ಸಹಿಗೆ ಮೊದಲು ಷರತ್ತು ಹಾಕುವ ಅವಕಾಶ ನಿಮಗಿದೆ. ಕಡತಗಳ ಪಟ್ಟಿಯನ್ನು ಹೆಸರು ಮತ್ತು ವರ್ಷ ಸಹಿತ ಬರೆದುಕೊಡಿ, ಪರ್ಮನೆಂಟ್ ಫೈಲ್ ಅದರಲ್ಲಿ ಪ್ರತ್ಯೇಕ ಸಾಲಾಗಿ ಇರಲಿ, ನನಗೆ ತಿಳಿಸದೆ ಯಾವುದನ್ನೂ ನಾಶ ಮಾಡಬೇಡಿ ಎಂದು ಲಿಖಿತವಾಗಿ ಕೇಳಿ. ಒಂದು ಮಿತಿಯನ್ನು ಮಾತ್ರ ನೆನಪಿಡಿ: ನೀವು ಕೊಟ್ಟ ಮೂಲ ದಾಖಲೆಗಳು ನಿಮ್ಮವೇ ಆದರೂ, ಆಡಿಟರು ತಮ್ಮ ಕೆಲಸಕ್ಕಾಗಿ ಬರೆದುಕೊಂಡ ವರ್ಕಿಂಗ್ ಪೇಪರ್‌ಗಳು ಸಾಮಾನ್ಯವಾಗಿ ಅವರ ಸ್ವತ್ತು. ಸವಕಳಿ ಪಟ್ಟಿಯನ್ನು ಆ ಗುಂಪಿಗೆ ಸೇರಿಸಿ ಕೊಡಲು ಹಿಂಜರಿದರೆ, ಪೂರ್ತಿ ಕಡತವನ್ನು ಬೇಡದೆ, ಪ್ರತಿ ಆಸ್ತಿಯ ಖರೀದಿ ದಿನಾಂಕ, ಮೂಲ ಬೆಲೆ, ನಂತರದ ಸೇರ್ಪಡೆ, ಸವಕಳಿಯ ವಿಧಾನ ಮತ್ತು ದರ, ಉಳಿದ ಬೆಲೆ ಇಷ್ಟಿರುವ ಪಟ್ಟಿಯನ್ನು ಕೇಳಿ. ಪಿಡಿಎಫ್ ಆಗಿ ಕೊಟ್ಟರೆ ಸಾಲದು; ಲೆಕ್ಕದ ಸೂತ್ರಗಳಿರುವ ಎಕ್ಸೆಲ್ ಕಡತವೇ ಬೇಕು.

ಪಟ್ಟಿ ಕೈಗೆ ಬಂದ ದಿನವೇ ‘ಉಳಿದ ಬೆಲೆ’ ಅಂಕಣವನ್ನು ಕೂಡಿಸಿ, ಕಳೆದ ವರ್ಷದ ಆಸ್ತಿ-ಹೊಣೆ ಪಟ್ಟಿಯ ಮೊತ್ತದೊಂದಿಗೆ ತಾಳೆ ನೋಡಿ. ವ್ಯತ್ಯಾಸ ಕಂಡರೆ, ಹಳೆಯ ಕಚೇರಿಯ ಬಾಗಿಲು ತೆರೆದಿರುವಾಗಲೇ ವಿವರಣೆ ಕೇಳಿ, ಉತ್ತರ ಬಂದ ಮೇಲೆ ಒಪ್ಪಿಗೆ ಪತ್ರ ಕಳುಹಿಸಿ.