ರೈಸ್ ಅಂಕಪದ್ಧತಿ, ಎರಡು ವರ್ಷದ ಬಳಕೆಯ ನಂತರ: ಗುಣಾಕಾರ ಸುಲಭ, ಭಾಗಾಕಾರದಲ್ಲೇ ಮೋಸ

ಐದಕ್ಕೆ ಮೂರೂವರೆ. ನಾಲ್ಕೈದು ಜನರ ಆ್ಯಪ್ ತಂಡದಲ್ಲಿ "ಮುಂದೆ ಯಾವ ಫೀಚರ್ ಮಾಡೋಣ?" ಎಂಬ ಜಗಳ ಮುಗಿಸಲು ರೈಸ್ ಒಳ್ಳೆಯ ಸಾಧನ. ಆದರೆ ಕೊನೆಯ ಕಾಲಮ್ಮಿನ ಅಂಕ ನೋಡಿ ಮೇಲಿಂದ ಕೆಳಕ್ಕೆ ಕೆಲಸ ಶುರು ಮಾಡುವವರಿಗೆ ಇದು ಮೂರೇ ತಿಂಗಳಲ್ಲಿ ಕೈಕೊಡುತ್ತದೆ. ಇದರ ಬೆಲೆಯಿರುವುದು ಅಂಕದಲ್ಲಲ್ಲ, ಅಂಕ ಬರುವುದಕ್ಕೆ ಮುಂಚೆ ತುಂಬಬೇಕಾದ ನಾಲ್ಕು ಖಾನೆಗಳಲ್ಲಿ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುವುದಾದರೆ, ಈ ಪದ್ಧತಿಯನ್ನು ರೂಪಿಸಿದ್ದು ಇಂಟರ್‌ಕಾಮ್ ಕಂಪನಿಯ ಪ್ರಾಡಕ್ಟ್ ತಂಡ. ಒಂದು ಅವಧಿಯಲ್ಲಿ ಫೀಚರ್ ಎಷ್ಟು ಜನರಿಗೆ ಮುಟ್ಟುತ್ತದೆ ಎನ್ನುವುದು ರೀಚ್. ಮುಟ್ಟಿದ ಒಬ್ಬೊಬ್ಬರ ಮೇಲೆ ಎಷ್ಟು ಪರಿಣಾಮ ಎನ್ನುವುದು ಇಂಪ್ಯಾಕ್ಟ್. ಇದಕ್ಕೆ 3, 2, 1, 0.5, 0.25 ಎಂಬ ಐದೇ ಮೆಟ್ಟಿಲು. ಈ ಅಂದಾಜುಗಳನ್ನು ಎಷ್ಟು ನಂಬಬಹುದು ಎನ್ನುವುದು ಕಾನ್ಫಿಡೆನ್ಸ್: 100%, 80% ಅಥವಾ 50%. ಮೂರನ್ನೂ ಗುಣಿಸಿ ಎಫರ್ಟ್‌ನಿಂದ, ಅಂದರೆ ಎಷ್ಟು ಜನರ ಎಷ್ಟು ದಿನದ ಕೆಲಸ ಎಂಬುದರಿಂದ, ಭಾಗಿಸಬೇಕು. ಅಷ್ಟೇ. ಈ ನಾಲ್ಕರ ಇಂಗ್ಲಿಷ್ ಮೊದಲಕ್ಷರ ಸೇರಿದ್ದೇ ರೈಸ್.

ಎಲ್ಲಿ ಎಡವುತ್ತೇವೆ ಎಂದು ತೋರಿಸಲು ಒಂದು ಉದಾಹರಣೆ ಹಿಡಿಯೋಣ. ಕಿರಾಣಿ ಅಂಗಡಿಯವರ ಉದ್ರಿ ಲೆಕ್ಕ ಬರೆದಿಡುವ ಆ್ಯಪ್. ಮೂರು ತಿಂಗಳಲ್ಲಿ ಒಮ್ಮೆಯಾದರೂ ಅದನ್ನು ತೆರೆಯುವ ಅಂಗಡಿಯವರು 12,000. ತಂಡದಲ್ಲಿ ಇಬ್ಬರು ಡೆವಲಪರ್, ಒಬ್ಬ ಡಿಸೈನರ್, ಒಬ್ಬ ಟೆಸ್ಟರ್. ಮಾಡಬೇಕಾದ ಕೆಲಸಗಳ ಪಟ್ಟಿಯಾದ ಬ್ಯಾಕ್‌ಲಾಗ್‌ನಲ್ಲಿ ಯಾರೋ "ಡಾರ್ಕ್ ಮೋಡ್" ಎಂದು ಸೇರಿಸಿದ್ದಾರೆ. ರೀಚ್ ಎಷ್ಟು? ಪರದೆ ಎಲ್ಲರೂ ನೋಡುತ್ತಾರಲ್ಲ, 12,000. ಇಂಪ್ಯಾಕ್ಟ್ 1, ಕಾನ್ಫಿಡೆನ್ಸ್ 80%, ಎಫರ್ಟ್ ಎರಡು ವಾರ. ಅಂಕ 4,800. ಪಟ್ಟಿಯ ನೆತ್ತಿಗೇ ಹೋಗಿ ಕೂತಿತು.

ಈಗ ಒಂದೊಂದೇ ಖಾನೆ ಕೆದಕಿ. ಡಾರ್ಕ್ ಮೋಡ್ ಯಾರಿಗೆ ಬೇಕು? ಫೋನನ್ನೇ ಡಾರ್ಕ್‌ನಲ್ಲಿ ಇಟ್ಟುಕೊಂಡವರಿಗೆ. ಅವರು ಎಷ್ಟು ಜನ ಎಂಬುದನ್ನು ಆ್ಯಪಿನ ಅನಾಲಿಟಿಕ್ಸ್‌ನಲ್ಲೇ ದಾಖಲಿಸಿಕೊಳ್ಳಬಹುದು; 2,400 ಎಂದಿಟ್ಟುಕೊಳ್ಳಿ. ಅಂಗಡಿಯವನು ವಾರ ವಾರ ಮರಳಿ ಬಂದು ಲೆಕ್ಕ ಬರೆಯಬೇಕು ಎನ್ನುವುದು ಈ ತ್ರೈಮಾಸಿಕದ ಗುರಿಯಾದರೆ, ಪರದೆ ಕಪ್ಪಾದ ಮಾತ್ರಕ್ಕೆ ಅವನು ಹೆಚ್ಚು ಬರುವುದಿಲ್ಲ. ಇಂಪ್ಯಾಕ್ಟ್ 0.25. ಪುರಾವೆ ಎಂದರೆ ನಾಲ್ಕು ರಿವ್ಯೂ, ಹಾಗಾಗಿ ಕಾನ್ಫಿಡೆನ್ಸ್ 50%. ಪ್ರತಿ ಪರದೆಯ ಬಣ್ಣ, ಐಕಾನ್, ಟೆಸ್ಟಿಂಗ್ ಎಲ್ಲ ಸೇರಿ ಎಫರ್ಟ್ ನಾಲ್ಕು ವಾರ. ಹೊಸ ಅಂಕ 75. ಹಳೆಯದಕ್ಕಿಂತ 64 ಪಟ್ಟು ಕಡಿಮೆ! ಯಾವ ಖಾನೆಯಲ್ಲೂ ದೊಡ್ಡ ಸುಳ್ಳಿರಲಿಲ್ಲ. ಇಷ್ಟಿಷ್ಟೇ ಉದಾರವಾದ ನಾಲ್ಕು ಅಂದಾಜುಗಳು ಒಂದಕ್ಕೊಂದು ಗುಣಿಸಿಕೊಂಡವು, ಅಷ್ಟೇ.

ಹಾಗಾಗಿ ರೀಚ್ ಖಾನೆಗೆ ಒಂದು ನಿಯಮ ಸಾಕು: ಫೀಚರ್ ನೋಡುವವರಲ್ಲ, ಅದರ ಅಗತ್ಯ ಎದುರಾಗುವವರು. ಹೊಸದಾಗಿ ನೋಂದಾಯಿಸುವಾಗ ಒಟಿಪಿ ಬಾರದೆ ಸಿಕ್ಕಿಬೀಳುವ ತೊಂದರೆ ಸರಿಪಡಿಸಬೇಕಿದ್ದರೆ, ತ್ರೈಮಾಸಿಕದಲ್ಲಿ ನೋಂದಣಿಗೆ ಬರುವ 4,500 ಜನರನ್ನು ಬರೆಯಬೇಡಿ, ಆ ಪರದೆಯಲ್ಲೇ ಬಿಟ್ಟುಹೋಗುವ 990 ಜನರನ್ನು ಬರೆಯಿರಿ. ಇನ್ನೊಂದು ತಪ್ಪು ಕಣ್ಣಿಗೆ ಬೀಳುವುದಿಲ್ಲ. ತಿಂಗಳ ಬಳಕೆದಾರರ ಸಂಖ್ಯೆಯನ್ನು ಮೂರರಿಂದ ಗುಣಿಸಿ ತ್ರೈಮಾಸಿಕದ್ದು ಎನ್ನುತ್ತಾರೆ. ಪ್ರತಿ ತಿಂಗಳೂ ಬರುವ ಅದೇ ಅಂಗಡಿಯವನು ಅಲ್ಲಿ ಮೂರು ಸಲ ಎಣಿಕೆಯಾಗಿರುತ್ತಾನೆ. ಒಂದು ಸಾಲಿನಲ್ಲಿ ಜನರನ್ನೂ ಇನ್ನೊಂದು ಸಾಲಿನಲ್ಲಿ ಕಳಿಸಿದ ಮೆಸೇಜ್‌ಗಳನ್ನೂ ಎಣಿಸಿದರೆ ಕತೆ ಮುಗಿದಂತೆ. ರೀಚ್ ಎಲ್ಲೇ ಒಟ್ಟು ಬಳಕೆದಾರರ ಸಂಖ್ಯೆಗೆ ಸಮನಾಗಿದ್ದರೂ ಆ ಸಾಲನ್ನು ಅನುಮಾನದಿಂದ ನೋಡಿ.

ಇನ್ನು ಎಫರ್ಟ್. ಐದರಲ್ಲಿ ನಾನು ಅರ್ಧ ಅಂಕ ಕಳೆದದ್ದು ಇಲ್ಲೇ. ಮೂಲ ಪದ್ಧತಿಯಲ್ಲಿ ಇದನ್ನು ಒಬ್ಬರ ಒಂದು ತಿಂಗಳ ಕೆಲಸ ಎಂಬ ಅಳತೆಯಲ್ಲಿ ಬರೆಯುತ್ತಾರೆ, ತಿಂಗಳಿಗಿಂತ ಬಹಳ ಕಡಿಮೆ ಇದ್ದರೆ 0.5. ಸಣ್ಣ ತಂಡಕ್ಕೆ ಅದು ತೀರಾ ದಪ್ಪ ಅಳತೆ; ಬ್ಯಾಕ್‌ಲಾಗ್‌ನ ಅರ್ಧಕ್ಕರ್ಧ ಕೆಲಸ ಆ 0.5ರಲ್ಲೇ ತುಂಬಿಕೊಳ್ಳುತ್ತದೆ. ವಾರದ ಲೆಕ್ಕವೇ ಲೇಸು. ನಾಟಿಗೆ ಎಷ್ಟು ಆಳು ಎಂದು ಎಣಿಸುವ ಹಾಗೆ ಇಬ್ಬರು ಮೂರು ವಾರ ಮಾಡಿದರೆ ಆರು. ಒಮ್ಮೆ ವಾರ ಎಂದ ಮೇಲೆ ಹಳೆಯ ಸಾಲುಗಳನ್ನೂ ವಾರಕ್ಕೆ ತಿದ್ದಲೇಬೇಕು. ತಿಂಗಳಲ್ಲಿ ಬರೆದ ಒಂದು ಸಾಲು ಉಳಿದುಬಿಟ್ಟರೆ ಅದು ನಾಲ್ಕು ಪಟ್ಟು ಅಂಕ ಹೊತ್ತು ಮೇಲೆ ತೇಲುತ್ತಿರುತ್ತದೆ.

ಸಣ್ಣ ಕೆಲಸಗಳ ಭಾಗಾಕಾರದಲ್ಲಿ ಇನ್ನೂ ಒಂದು ಮೋಸ ಇದೆ. "ಬಿಲ್ ಹಂಚಿಕೊಳ್ಳುವ ಬಟನ್ ಮೇಲಕ್ಕೆ ತನ್ನಿ" ಎಂಬ ಕೆಲಸ: ರೀಚ್ 4,000, ಇಂಪ್ಯಾಕ್ಟ್ 0.5, ಕಾನ್ಫಿಡೆನ್ಸ್ 80%. ಡೆವಲಪರ್ ಅರ್ಧ ವಾರ ಎಂದರೆ ಅಂಕ 3,200. ಆದರೆ ಅದರ ಜೊತೆಗೆ ಡಿಸೈನ್ ಬದಲಾವಣೆ, ಸಣ್ಣ ಪರದೆಯ ಫೋನ್‌ಗಳಲ್ಲಿ ಪರೀಕ್ಷೆ, ಕನ್ನಡ ಮತ್ತು ಹಿಂದಿಯ ಪದ ಬಟನ್ನಿನಲ್ಲಿ ಹಿಡಿಯುತ್ತದೆಯೇ ಎಂದು ನೋಡುವುದು, ರಿಲೀಸ್, ರಿಲೀಸ್ ಆದ ಮೇಲೆ ಎರಡು ದಿನ ಕಾಯುವುದು ಎಲ್ಲ ಸೇರಿದರೆ ಎರಡು ವಾರ. ಅಂಕ 800. ಛೇದ ಚಿಕ್ಕದಿದ್ದಷ್ಟೂ ಅದರಲ್ಲಿನ ತಪ್ಪು ದೊಡ್ಡದಾಗಿ ಕಾಣುತ್ತದೆ. ಹನ್ನೆರಡು ವಾರದ ಕೆಲಸದಲ್ಲಿ ಒಂದೂವರೆ ವಾರ ತಪ್ಪಿದರೆ ಯಾರಿಗೂ ಗೊತ್ತಾಗುವುದಿಲ್ಲ. ಯಾವ ಸಾಲಿಗೂ ಒಂದು ವಾರಕ್ಕಿಂತ ಕಡಿಮೆ ಎಫರ್ಟ್ ಬರೆಯಬಾರದು ಎಂಬ ಕಟ್ಟು ಹಾಕಿಕೊಳ್ಳಿ. ಎಫರ್ಟ್ ಹೇಳುವಾಗ ಡೆವಲಪರ್‌ಗೆ ಇಂಪ್ಯಾಕ್ಟ್ ಖಾನೆ ಕಾಣದಿರಲಿ. ಇಷ್ಟವಾದ ಫೀಚರ್ ಎರಡು ವಾರದಲ್ಲಿ ಮುಗಿಯುತ್ತದೆ, ಬೇಡವಾದದ್ದು ಐದು ವಾರ ಎಳೆಯುತ್ತದೆ. ಮನುಷ್ಯ ಸ್ವಭಾವ, ಬೈದು ಪ್ರಯೋಜನವಿಲ್ಲ.

ಕಾನ್ಫಿಡೆನ್ಸ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ರೀಚ್‌ಗೆ ಅಂಕಿ ಅಂಶ, ಇಂಪ್ಯಾಕ್ಟ್‌ಗೆ ಬಳಕೆದಾರರ ಜೊತೆ ಮಾಡಿದ ಅಧ್ಯಯನ, ಎಫರ್ಟ್‌ಗೆ ಡೆವಲಪರ್ ಅಂದಾಜು, ಮೂರೂ ಇದ್ದರೆ 100%. ಯಾವುದಾದರೂ ಒಂದು ಅಲುಗಾಡುತ್ತಿದ್ದರೆ 80%. ಉಳಿದದ್ದೆಲ್ಲ 50%. ಎಚ್ಚರಿಕೆ ಒಂದೇ: ಅನುಮಾನ ಇದೆ ಎಂದು ರೀಚ್ ಅನ್ನೂ ಇಳಿಸಿ ಕಾನ್ಫಿಡೆನ್ಸ್ ಅನ್ನೂ ಇಳಿಸಿದರೆ ಒಂದೇ ತಪ್ಪಿಗೆ ಎರಡು ಸಲ ದಂಡ ಕಟ್ಟಿದಂತೆ.

ಈಗ ನಿಜವಾದ ಸ್ಪರ್ಧೆಗೆ ಬರೋಣ. ಒಟಿಪಿ ದುರಸ್ತಿಗೆ ರೀಚ್ 990, ಇಂಪ್ಯಾಕ್ಟ್ 3, ಕಾನ್ಫಿಡೆನ್ಸ್ 80%, ಎಫರ್ಟ್ ಮೂರು ವಾರ: ಅಂಕ 792. ಬಾಕಿ ನೆನಪಿಸುವ ವಾಟ್ಸ್ಯಾಪ್ ಮೆಸೇಜ್‌ಗೆ ರೀಚ್ 5,200, ಇಂಪ್ಯಾಕ್ಟ್ 2, ಕಾನ್ಫಿಡೆನ್ಸ್ 80%, ಎಫರ್ಟ್ ಆರು ವಾರ: ಅಂಕ 1,387. ಮೆಸೇಜ್ ಗೆದ್ದಿತು ಎನ್ನಬಹುದೇ? ಎಫರ್ಟ್‌ಗೆ ಒಂದು ಸಂಖ್ಯೆಯ ಬದಲು ಕನಿಷ್ಠ, ಗರಿಷ್ಠ ಎಂದು ಎರಡು ಕೇಳಿ. ಒಟಿಪಿಗೆ ಎರಡರಿಂದ ಮೂರು ವಾರ ಎಂದರೆ ಅಂಕ 792ರಿಂದ 1,188. ಮೆಸೇಜ್‌ಗೆ ಆರರಿಂದ ಒಂಬತ್ತು ವಾರ ಎಂದರೆ 924ರಿಂದ 1,387. ಎರಡೂ ಒಂದರ ಮೇಲೊಂದು ಹೊದ್ದುಕೊಂಡಿವೆ. ಅಂದರೆ ಇಲ್ಲಿ ಅಂಕ ಏನನ್ನೂ ತೀರ್ಮಾನಿಸುತ್ತಿಲ್ಲ, ಸಮ ಸಮ ಎನ್ನುತ್ತಿದೆ. ಆಗ ಬೇರೆ ಪ್ರಶ್ನೆ ಕೇಳಬೇಕು: ಯಾವುದು ಮುಗಿದರೆ ಇನ್ನೊಂದಕ್ಕೆ ಲಾಭ? ಒಟಿಪಿ ಸರಿಹೋದರೆ ಒಳಗೆ ಬರುವ ಅಂಗಡಿಯವರು ಹೆಚ್ಚಿ ಮೆಸೇಜ್‌ನ ರೀಚ್ ಕೂಡ ಬೆಳೆಯುತ್ತದೆ. ತಿರುಗಾಮುರುಗಾ ಮಾಡಿದರೆ ಆ ಲಾಭವಿಲ್ಲ. ಮೊದಲು ಒಟಿಪಿ. ಎರಡು ಸಾಲುಗಳ ಅಂಕದಲ್ಲಿ ದುಪ್ಪಟ್ಟು ವ್ಯತ್ಯಾಸವಿಲ್ಲದಿದ್ದರೆ ಕ್ರಮಾಂಕದ ಬಗ್ಗೆ ವಾದ ಮಾಡುವುದೇ ದಂಡ.

ಶೀಟ್ ಹೀಗಿದ್ದರೆ ಸಾಕು: B ರೀಚ್, C ಇಂಪ್ಯಾಕ್ಟ್, D ಕಾನ್ಫಿಡೆನ್ಸ್, E ಕನಿಷ್ಠ ಎಫರ್ಟ್, F ಗರಿಷ್ಠ ಎಫರ್ಟ್.

```
=IF(D2<=1, B2*C2*D2/E2, "ಪರಿಶೀಲಿಸಿ")
=IF(D2<=1, B2*C2*D2/F2, "ಪರಿಶೀಲಿಸಿ")
```

`D2<=1` ಎಂಬ ತಪಾಸಣೆ ಸುಮ್ಮನೆ ಇಟ್ಟದ್ದಲ್ಲ. ಶೇಕಡಾ ಫಾರ್ಮ್ಯಾಟ್ ಇಲ್ಲದ ಸೆಲ್‌ನಲ್ಲಿ 80 ಎಂದು ಟೈಪ್ ಮಾಡಿದರೆ ಅಂಕ ನೂರು ಪಟ್ಟು ಹೆಚ್ಚುತ್ತದೆ. ಇಂಪ್ಯಾಕ್ಟ್‌ಗೆ ಡ್ರಾಪ್‌ಡೌನ್ ಇಡಿ, ಇಲ್ಲದಿದ್ದರೆ ಒಂದಲ್ಲ ಒಂದು ದಿನ 1.75 ಎಂಬ ಚೌಕಾಸಿ ಸಂಖ್ಯೆ ಕಾಣಿಸಿಕೊಳ್ಳುತ್ತದೆ.

ರೈಸ್‌ನ ದೊಡ್ಡ ಕೊರತೆ ದೊಡ್ಡ ಕೆಲಸಗಳದ್ದು. ನೆಟ್ ಇಲ್ಲದಾಗಲೂ ಲೆಕ್ಕ ಬರೆದು ಆಮೇಲೆ ಸಿಂಕ್ ಮಾಡುವ ಸೌಲಭ್ಯಕ್ಕೆ ರೀಚ್ 3,000, ಇಂಪ್ಯಾಕ್ಟ್ 3, ಕಾನ್ಫಿಡೆನ್ಸ್ 50%, ಎಫರ್ಟ್ 14 ವಾರ: ಅಂಕ 321. ಪ್ರತಿ ತ್ರೈಮಾಸಿಕವೂ ಅದು ಬಟನ್ ಸರಿಸುವ ಕೆಲಸಗಳ ಕೆಳಗೇ ಬಿದ್ದಿರುತ್ತದೆ. ಇಂಪ್ಯಾಕ್ಟ್ ಖಾನೆಯಲ್ಲಿ 5 ಎಂದು ಬರೆದು ಅದನ್ನು ಮೇಲೆತ್ತುವುದು ಮೋಸ. ಒಡೆಯುವುದು ಸರಿಯಾದ ದಾರಿ. ಮೊದಲ ಭಾಗದಲ್ಲಿ ನೆಟ್ ಇಲ್ಲದಾಗ ಹಳೆಯ ಲೆಕ್ಕ ಓದಲು ಮಾತ್ರ ಸಿಗಲಿ: ಇಂಪ್ಯಾಕ್ಟ್ 1, ಕಾನ್ಫಿಡೆನ್ಸ್ 80%, ಎಫರ್ಟ್ ನಾಲ್ಕು ವಾರ, ಅಂಕ 600. ಅದನ್ನು ಎಷ್ಟು ಜನ ನೆಟ್ ಇಲ್ಲದಾಗ ತೆರೆದರು ಎಂಬ ಲೆಕ್ಕ ಸಿಕ್ಕ ಮೇಲೆ ಉಳಿದ ಭಾಗದ ಕಾನ್ಫಿಡೆನ್ಸ್ ಊಹೆಯಾಗಿ ಉಳಿಯುವುದಿಲ್ಲ, ಮೇಲಕ್ಕೋ ಕೆಳಕ್ಕೋ ಸರಿಯುತ್ತದೆ.

ಕೆಲವು ಕೆಲಸ ಈ ಶೀಟಿಗೆ ಬರಲೇಬಾರದು. ಆ್ಯಪ್ ಯಾವ ಆಂಡ್ರಾಯ್ಡ್ ಆವೃತ್ತಿಗೆ ಹೊಂದಿಸಿದ್ದು ಎಂದು ಹೇಳುವ ಟಾರ್ಗೆಟ್ ಎಪಿಐ ಮಟ್ಟವನ್ನು ಪ್ಲೇ ಸ್ಟೋರ್ ಪ್ರತಿ ವರ್ಷ ಏರಿಸಲು ಹೇಳುತ್ತದೆ; ಗಡುವು ಮೀರಿದರೆ ಅಪ್‌ಡೇಟ್ ಹಾಕಲು ಆಗುವುದಿಲ್ಲ. ಅದಕ್ಕೆ ಬಳಕೆದಾರನ ಕಣ್ಣಲ್ಲಿ ಇಂಪ್ಯಾಕ್ಟ್ ಸೊನ್ನೆ, ಆದರೆ ಮಾಡದೆ ವಿಧಿಯಿಲ್ಲ. ಕ್ರ್ಯಾಶ್‌ಗಳು, ಕಾನೂನಿನ ಕೆಲಸಗಳೂ ಹಾಗೆಯೇ. ನಾಲ್ವರಿಗೆ 13 ವಾರ ಎಂದರೆ ಕಾಗದದ ಮೇಲೆ 52 ವಾರದ ಕೆಲಸ. ರಜೆ, ಹಬ್ಬ, ಗ್ರಾಹಕರ ದೂರು, ಇಂಥ ಕಡ್ಡಾಯದ ಕೆಲಸ ಕಳೆದು 30 ಉಳಿದರೆ ಅದೃಷ್ಟ. ಆ 30ಕ್ಕೆ ಮಾತ್ರ ರೈಸ್ ಪಟ್ಟಿಯಿಂದ ತುಂಬಿ, ಅದೂ ಗರಿಷ್ಠ ಎಫರ್ಟ್ ಕಾಲಮ್ಮನ್ನು ಕೂಡಿಸಿ.

ಐದರಲ್ಲಿ ನಾನು ಕಳೆದ ಇನ್ನೊಂದು ಅಂಕ ಹೋದದ್ದು, ರಿಲೀಸ್ ಆದ ಮೇಲೆ ಏನಾಯಿತು ಎಂದು ಈ ಪದ್ಧತಿ ತಾನಾಗಿ ಕೇಳುವುದಿಲ್ಲ ಎಂಬುದಕ್ಕೆ. ಶೀಟಿಗೆ ನಿಜವಾದ ರೀಚ್, ನಿಜವಾದ ಎಫರ್ಟ್ ಎಂಬ ಇನ್ನೆರಡು ಕಾಲಮ್ ಸೇರಿಸಿ, ರಿಲೀಸ್ ಆಗಿ ಮೂರು ತಿಂಗಳಿಗೆ ತುಂಬಿ. ಏಳೆಂಟು ಸಾಲು ತುಂಬುವಷ್ಟರಲ್ಲಿ ತಂಡದ ಚಾಳಿ ಗೊತ್ತಾಗುತ್ತದೆ. ಎಫರ್ಟ್ ಯಾವಾಗಲೂ ಒಂದೂವರೆ ಪಟ್ಟು ಆಗುತ್ತಿದ್ದರೆ ಮುಂದಿನ ಅಂದಾಜುಗಳನ್ನು ಹಾಗೇ ಒಂದೂವರೆಯಿಂದ ಗುಣಿಸಿ ಬರೆಯಬಹುದು. ಆಗ ಕ್ರಮಾಂಕ ಬದಲಾಗದು, ಆದರೆ 30 ವಾರದಲ್ಲಿ ಎಷ್ಟು ಸಾಲು ಹಿಡಿಯುತ್ತದೆ ಎಂಬುದು ಬದಲಾಗುತ್ತದೆ. ಒಂದು ಫೀಚರ್‌ಗೆ ಅರ್ಧ ಪಟ್ಟು, ಇನ್ನೊಂದಕ್ಕೆ ಮೂರು ಪಟ್ಟು ಎಂದು ಚೆಲ್ಲಾಪಿಲ್ಲಿಯಾಗಿದ್ದರೆ ಮಾತ್ರ ಅಂದಾಜು ಮಾಡುವ ರೀತಿಯನ್ನೇ ಬದಲಿಸಬೇಕು, ಕೆಲಸವನ್ನು ಇನ್ನಷ್ಟು ಚಿಕ್ಕ ತುಂಡು ಮಾಡಿ ಎಣಿಸಬೇಕು.