25 ಲಕ್ಷದ ಸೈಬರ್ ಪಾಲಿಸಿ, ಕೈಗೆ ಬಂದದ್ದು ಸೊನ್ನೆ

ಹುಬ್ಬಳ್ಳಿಯಲ್ಲಿ ಕೂತು ನಮ್ಮದೇ ವೆಬ್‌ಸೈಟಿನಲ್ಲಿ ಇಳಕಲ್ ಸೀರೆ ಮಾರುತ್ತೇನೆ. ಒಂದು ರೂಮು, ಇಬ್ಬರು ಹುಡುಗರು, ಎರಡು ಕಂಪ್ಯೂಟರ್, ಅಷ್ಟೇ. ದೀಪಾವಳಿಗೆ ಹತ್ತು ದಿನ ಇದೆ ಅನ್ನುವಾಗ ಒಂದು ಬೆಳಗ್ಗೆ ಬಿಲ್ಲು, ಆರ್ಡರು, ಸ್ಟಾಕು ಯಾವ ಫೈಲೂ ತೆರೆಯಲಿಲ್ಲ. ಪರದೆ ಮೇಲೆ ದುಡ್ಡು ಕೇಳುವ ಸಂದೇಶ. ರಾನ್ಸಮ್‌ವೇರ್. ಬ್ಯಾಕಪ್ ಹಾರ್ಡ್ ಡಿಸ್ಕನ್ನು ಸದಾ ಕಂಪ್ಯೂಟರಿಗೆ ಸಿಕ್ಕಿಸಿಯೇ ಇಟ್ಟಿದ್ದೆ, ಅದೂ ಹೋಯಿತು.

ಪಾಲಿಸಿ ಇದೆಯಲ್ಲ ಅಂತ ಧೈರ್ಯವಾಗಿದ್ದೆ. ಗೊತ್ತಿದ್ದ ಹುಡುಗನನ್ನು ಕರೆಸಿದೆ, ಅವನು ಎರಡೂ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿ, ಪೇಮೆಂಟ್ ಕಂಪನಿ ಮತ್ತು ಕೊರಿಯರ್ ಕಡೆಯಿಂದ ಆರ್ಡರ್ ವಿವರ ತರಿಸಿ, ಐದು ದಿನದಲ್ಲಿ ಎಲ್ಲ ಮತ್ತೆ ಎಬ್ಬಿಸಿ ನಿಲ್ಲಿಸಿದ. ಬಿಲ್ಲು 85,000. ಇನ್ಶೂರೆನ್ಸ್‌ನವರಿಗೆ ಹೇಳಿದ್ದು ಮೂರನೇ ದಿನ! ಅವರ ಲಿಖಿತ ಒಪ್ಪಿಗೆ ಮೊದಲೇ ಪಡೆಯದೆ ಮಾಡಿದ ಖರ್ಚು ಕೊಡುವುದಿಲ್ಲ ಅಂದರು, ಪಾಲಿಸಿಯಲ್ಲಿ ಹಾಗೇ ಬರೆದಿದೆ. ಇನ್ನೊಂದು ಏಟು, ಗ್ರಾಹಕರ ಫೋನ್ ನಂಬರ್, ವಿಳಾಸ ಕಳುವಾಗಿದೆಯೋ ಇಲ್ಲವೋ ಹೇಳುವ ಸಾಕ್ಷಿಯೆಲ್ಲ ಫಾರ್ಮ್ಯಾಟಿನಲ್ಲೇ ಅಳಿದುಹೋಗಿತ್ತು. ಹಾಗಾಗಿ ಡೇಟಾ ಸೋರಿಕೆಯ ಕವರ್ ಮಾತೇ ಬರಲಿಲ್ಲ. ಇಂಥ ದಾಳಿಯನ್ನು ಗೊತ್ತಾದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು ಅನ್ನುವ 2022ರ ನಿಯಮವೂ ನನಗೆ ಆಮೇಲೇ ಗೊತ್ತಾಗಿದ್ದು.

ವ್ಯಾಪಾರ ನಿಂತ ನಷ್ಟವಾದರೂ ಸಿಗುತ್ತೆ ಅಂದುಕೊಂಡೆ. ದಿನಕ್ಕೆ 40,000 ವ್ಯಾಪಾರ, ಐದು ದಿನಕ್ಕೆ 2 ಲಕ್ಷ ಅಲ್ವಾ? ಅಲ್ಲ. ಮಾರದ ಸೀರೆ ಕಪಾಟಿನಲ್ಲೇ ಇದೆ, ಅದರ ಅಸಲು ನಷ್ಟವಲ್ಲ. ಕೊಡುವುದು ಹೋದ ಲಾಭ, ಜೊತೆಗೆ ನಿಲ್ಲದ ಬಾಡಿಗೆ, ಸಂಬಳ ಮಾತ್ರ. ನನ್ನ ಲೆಕ್ಕದಲ್ಲಿ ಅದು 8,000 ಮತ್ತು 3,000, ದಿನಕ್ಕೆ 11,000. ಮೊದಲ 12 ಗಂಟೆ ಕಾಯುವ ಅವಧಿ ಅಂತ ಕಳೆದರು. ಉಳಿದ ನಾಲ್ಕೂವರೆ ದಿನಕ್ಕೆ 49,500. ಡಿಡಕ್ಟಿಬಲ್, ಅಂದರೆ ಮೊದಲು ನಾನೇ ಹೊರಬೇಕಾದದ್ದು, 50,000. ಮುಗೀತು ಕಥೆ. ಒಪ್ಪಿಗೆ ಕೇಳಿ ರಿಪೇರಿ ಮಾಡಿಸಿದ್ದರೆ ಎರಡೂ ಸೇರಿ 84,500 ಬರುತ್ತಿತ್ತು.

ಅಂದಹಾಗೆ ಆ 25 ಲಕ್ಷವೂ ಸುಮ್ನೆ ಮೇಲಿನ ಅಂಕಿ. ಒಳಗೆ ಶೆಡ್ಯೂಲಿನಲ್ಲಿ ರಾನ್ಸಮ್‌ವೇರ್‌ಗೆ ಸಬ್ ಲಿಮಿಟ್, ಅಂದರೆ ಅದಕ್ಕೇ ಬೇರೆಯಾಗಿ ಹಾಕಿದ ಮಿತಿ, ಬರೀ 2.5 ಲಕ್ಷ ಇತ್ತು. ಪಾಲಿಸಿ ತಗೊಳ್ಳುವಾಗ ತುಂಬುವ ಪ್ರಪೋಸಲ್ ಫಾರ್ಮಿನಲ್ಲಿ 'ಬ್ಯಾಕಪ್ ಬೇರೆಯಾಗಿ ಇಡುತ್ತೀರಾ' ಅನ್ನುವುದಕ್ಕೆ ಏಜೆಂಟ್ ತಾನೇ ಹೌದು ಅಂತ ಟಿಕ್ ಮಾಡಿದ್ದ. ದೊಡ್ಡ ಕ್ಲೇಮ್ ಆಗಿದ್ದರೆ ಅದೊಂದೇ ಟಿಕ್ ಸಾಕಿತ್ತು ತಿರಸ್ಕರಿಸಲು.

ಈ ಸಲ ಏಜೆಂಟ್ 50 ಲಕ್ಷದ್ದು ತಗೊಳ್ಳಿ ಸಾರ್ ಅಂದ. ಬೇಡ ಅಂದೆ. ಹಬ್ಬದ ದಿನದ 11,000ದಂತೆ 20 ದಿನಕ್ಕೆ 2.2 ಲಕ್ಷ, ರಿಪೇರಿ ಮತ್ತು ತನಿಖೆಗೆ 3 ಲಕ್ಷ, ವಕೀಲರಿಗೆ, ಗ್ರಾಹಕರಿಗೆ ತಿಳಿಸಲು ಇನ್ನೊಂದು 3 ಲಕ್ಷ. 10 ಲಕ್ಷ ನನಗೆ ಸಾಕು. ಆದರೆ ರಾನ್ಸಮ್‌ವೇರ್‌ಗೆ ಬೇರೆ ಸಬ್ ಲಿಮಿಟ್ ಇರಬಾರದು, ಡಿಡಕ್ಟಿಬಲ್ 15,000 ದಾಟಬಾರದು ಅಂತ ಹಟ ಹಿಡಿದೆ. ಪ್ರೀಮಿಯಂ ಸ್ವಲ್ಪ ಜಾಸ್ತಿಯಾಯಿತು, ಕೊಟ್ಟೆ. ಫಾರ್ಮನ್ನು ನಾನೇ ಕೂತು ತುಂಬಿದೆ. ಕ್ಲೇಮ್ ತಿಳಿಸುವ ಫೋನ್ ನಂಬರನ್ನು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿದ್ದೇನೆ, ಯಾಕೆಂದರೆ ಹೋದ ಸಲ ಪಾಲಿಸಿ ಪ್ರತಿಯೂ ಲಾಕ್ ಆದ ಕಂಪ್ಯೂಟರಿನೊಳಗೇ ಇತ್ತು.