ಚೆಸ್ ಕ್ಲಬ್‌ಗೆ ಯಾವ ಹೆಸರು: ಅಕಾಡೆಮಿಯೋ, ಚದುರಂಗ ಬಳಗವೋ, 64 ಮನೆಯೋ?

ನಿಮ್ಮ ಬಡಾವಣೆಯ ಕ್ಲಬ್‌ಗೆ ಮೂರನೇ ಕ್ಲಾಸಿನ ಮಕ್ಕಳೂ ಬರುತ್ತಾರೆ, ಎಪ್ಪತ್ತು ದಾಟಿದ ತಾತಂದಿರೂ ಬರುತ್ತಾರೆ ಅಂದುಕೊಳ್ಳಿ.

'ಚೆಕ್‌ಮೇಟ್ ಅಕಾಡೆಮಿ' ಅಂದರೆ ಮಕ್ಕಳಿಗೆ ಖುಷಿ. ಆದರೆ ಅಕಾಡೆಮಿ ಅಂದ ಕೂಡಲೇ ಕೋಚ್ ಇರುತ್ತಾರೆ, ತಿಂಗಳ ಫೀಸ್ ಇರುತ್ತದೆ ಎಂದು ಅಪ್ಪ ಅಮ್ಮ ಭಾವಿಸುತ್ತಾರೆ. ಹಿರಿಯರು ಅದು ಮಕ್ಕಳ ಕ್ಲಾಸ್ ಅಂದುಕೊಂಡು ಬಾಗಿಲಲ್ಲೇ ನಿಂತುಬಿಡುತ್ತಾರೆ. ಕಲಿಸುವುದೇ ಮುಖ್ಯ ಕೆಲಸವಾಗಿದ್ದರೆ ಮಾತ್ರ ಇದನ್ನು ಇಡಿ.

'ಚದುರಂಗ ಬಳಗ' ಹಿರಿಯರಿಗೆ ಆಪ್ತ. ಬಳಗ ಅಂದರೆ ಎಲ್ಲ ವಯಸ್ಸಿನವರೂ ಸೇರುತ್ತಾರೆ ಅಲ್ವಾ? ತೊಂದರೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ. ಒಬ್ಬರು Chaduranga ಎಂದು ಬರೆದರೆ ಇನ್ನೊಬ್ಬರು Chaturanga ಎನ್ನುತ್ತಾರೆ. ಹುಡುಕಿದರೆ ಸಿಗುವುದಿಲ್ಲ.

ನನಗೆ ಜಾಸ್ತಿ ಇಷ್ಟವಾದದ್ದು '64 ಮನೆ'. ಬೋರ್ಡಿನ 64 ಚೌಕಗಳನ್ನು ನಾವು ಮನೆ ಅಂತಲೇ ಕರೆಯುತ್ತೇವೆ. 'ಕುದುರೆ ಎರಡು ಮನೆ ನೇರ, ಒಂದು ಮನೆ ಪಕ್ಕಕ್ಕೆ' ಎಂದೇ ಮಗುವಿಗೆ ಹೇಳಿಕೊಡುವುದು. ಅದರಲ್ಲಿ ವಯಸ್ಸಿನ ಗುರುತೇ ಇಲ್ಲ. ಬರೀ '64 ಮನೆ' ಅಂದರೆ ಮಾತ್ರ ಹೊಸಬರಿಗೆ ವಸತಿ ಸಂಘದಂತೆ ಕೇಳಿಸಬಹುದು. ಆದ್ದರಿಂದ ಬ್ಯಾನರಿನಲ್ಲಿ '64 ಮನೆ ಚೆಸ್ ಬಳಗ' ಎಂದು ಪೂರ್ತಿ ಬರೆಯಿಸಿ. ಇಮೇಲ್‌ಗೆ 64mane ಎಂದು ಅಂಕಿಯನ್ನೇ ಬಳಸಿ. ಅರವತ್ನಾಲ್ಕು ಎಂದು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ.

ಮುದ್ರಿಸುವ ಮೊದಲು ಒಬ್ಬ ತಾತನಿಗೂ ಒಂದು ಮಗುವಿಗೂ ಫೋನಿನಲ್ಲಿ ಹೆಸರು ಹೇಳಿ, ಬರೆದು ತೋರಿಸಲು ಹೇಳಿ. ಇಬ್ಬರೂ ಒಂದೇ ರೀತಿ ಬರೆದರೆ ಆ ಹೆಸರನ್ನೇ ಇಡಿ.